ನಾಲ್ಕು ಪಾಯಿಂಟ್ ಎರಡು

ಶುಕ್ರವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬ್ಯಾಂಕಿನ ಪ್ರಧಾನ ಕಚೇರಿಯ ಮೂರನೇ ಮಹಡಿಯಲ್ಲಿ, ದಶಾಂಶ ಮೇಡಂ ಒಂದೇ ಲೆಕ್ಕವನ್ನು ನಾಲ್ಕನೇ ಸಲ ಮಾಡಿ, ಕನ್ನಡಕ ಒರೆಸಿಕೊಂಡು, ಐದನೇ ಸಲ ಮಾಡಿದರು. ಉತ್ತರ ಬದಲಾಗಲಿಲ್ಲ. ನಾಲ್ಕು ಪಾಯಿಂಟ್ ಎರಡು. ಹೋದ ವರ್ಷ ಇದೇ ಜಾಗದಲ್ಲಿ ಮೂರು ಪಾಯಿಂಟ್ ಆರು ಇತ್ತು.

ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆಯಾಗಿ ಹನ್ನೆರಡು ವರ್ಷದಿಂದ ಒಂದು ದಶಾಂಶವನ್ನೂ ಬಿಟ್ಟುಕೊಟ್ಟವರಲ್ಲ, ಅದಕ್ಕೇ ಆ ಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ದಶಾಂಶ ಮೇಡಂ. ಅವರಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಬ್ಯಾಂಕಿನ ದೊಡ್ಡಸ್ತಿಕೆಯನ್ನೆಲ್ಲ ಕಳಚಿಟ್ಟು ನೋಡಿದರೆ ಅದು ಮಾಡುವ ಕೆಲಸ ಒಂದೇ: ಒಬ್ಬರಿಂದ ಕಡಿಮೆ ಬಡ್ಡಿಗೆ ದುಡ್ಡು ತಂದು ಇನ್ನೊಬ್ಬರಿಗೆ ಹೆಚ್ಚಿನ ಬಡ್ಡಿಗೆ ಕೊಡುವುದು. ನಡುವೆ ಉಳಿಯುವ ಸಂದಿಯಲ್ಲೇ ಅದರ ಬದುಕು. ಈ ಬ್ಯಾಂಕು ಚಿಕ್ಕದು. ಜನರ ಠೇವಣಿ ಒಂಬೈನೂರು ಕೋಟಿ, ಸ್ವಂತ ಬಂಡವಾಳ ನೂರು ಕೋಟಿ, ಒಟ್ಟು ಸಾವಿರ ಕೋಟಿಯನ್ನು ಸಾಲಕ್ಕೂ ಸರಕಾರದ ಪತ್ರಗಳಿಗೂ ಹಾಕಿತ್ತು. ಅದರಿಂದ ವರ್ಷಕ್ಕೆ ತೊಂಬತ್ತು ಕೋಟಿ ಬಡ್ಡಿ ಬರುತ್ತಿತ್ತು. ಹೋದ ವರ್ಷ ಠೇವಣಿದಾರರಿಗೆ ಐವತ್ನಾಲ್ಕು ಕೋಟಿ ಬಡ್ಡಿ ಕೊಟ್ಟು, ಉಳಿದದ್ದು ಮೂವತ್ತಾರು. ಸಾವಿರಕ್ಕೆ ಮೂವತ್ತಾರು ಎಂದರೆ ನೂರಕ್ಕೆ ಮೂರು ಪಾಯಿಂಟ್ ಆರು. ಇದಕ್ಕೇ ನಿವ್ವಳ ಬಡ್ಡಿ ಅಂತರ ಎನ್ನುತ್ತಾರೆ. ಸಂಬಳ, ಬಾಡಿಗೆ, ಮುಳುಗುವ ಸಾಲಕ್ಕೆಂದು ಎತ್ತಿಡುವುದು, ಎಲ್ಲ ಸೇರಿ ಮೂವತ್ತು ಕೋಟಿ ಆ ಮೂವತ್ತಾರರಲ್ಲೇ ಹೋಗಬೇಕು. ಕೈಗೆ ಹತ್ತುವ ಲಾಭ ಆರು ಕೋಟಿ.

ಈ ವರ್ಷವೂ ಬಂದ ಬಡ್ಡಿ ತೊಂಬತ್ತೇ. ಕೊಟ್ಟದ್ದು ಮಾತ್ರ ನಲವತ್ತೆಂಟು. ಉಳಿದದ್ದು ನಲವತ್ತೆರಡು, ಖರ್ಚು ಕಳೆದು ಲಾಭ ಹನ್ನೆರಡು. ಒಂದೇ ವರ್ಷದಲ್ಲಿ ದುಪ್ಪಟ್ಟು.

ದೊಡ್ಡ ಸಾಹೇಬರು, ಅಂದರೆ ಬ್ಯಾಂಕಿನ ಆಡಳಿತ ನಿರ್ದೇಶಕರು, ತಾವಾಗಿಯೇ ಮೂರನೇ ಮಹಡಿಗೆ ಇಳಿದು ಬಂದರು. ಅವರು ಇಳಿದು ಬರುವುದು ಬೈಯುವುದಕ್ಕೆ ಮಾತ್ರ ಎಂದು ನಂಬಿದ್ದ ಗುಮಾಸ್ತರೆಲ್ಲ ಎದ್ದು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ನಕ್ಕರು. "ಮೇಡಂ, ಸೋಮವಾರ ಮಂಡಳಿ ಸಭೇಲಿ ಇದನ್ನ ನೀವೇ ಓದಬೇಕು. ಆಮೇಲೆ ಉಪ ಪ್ರಧಾನ ವ್ಯವಸ್ಥಾಪಕರ ಹುದ್ದೆ ವಿಷಯಾನೂ ಅಲ್ಲೇ ಎತ್ತೋಣ ಅಂತಿದೀನಿ. ಉಳಿತಾಯ ಖಾತೆ ಆಂದೋಲನ ಫಲ ಕೊಟ್ಟಿದೆ ಅಂತ ಒಂದು ಪುಟ ಬರೆದುಬಿಡಿ."

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಸಾಹೇಬರು ಹೋದ ಕೂಡಲೇ ಎಲ್ಲರೂ ಮೇಡಂ ಮೇಜಿನ ಸುತ್ತ ನೆರೆದು, ಆಂದೋಲನದಲ್ಲಿ ತಾವು ಎಷ್ಟು ಬಿಸಿಲಿನಲ್ಲಿ ಎಷ್ಟು ಖಾತೆ ತೆರೆಸಿದೆವು ಎಂದು ಹೇಳಿಕೊಂಡರು. ಮೇಡಂ ಎಲ್ಲರಿಗೂ ಚಹ ತರಿಸಿದರು. ಚಹ ಕುಡಿಯುತ್ತ, ಬರೀ ಅಭ್ಯಾಸಬಲದಿಂದ, ಆ ಹೊಸ ಖಾತೆಗಳಲ್ಲಿ ಒಟ್ಟು ಎಷ್ಟು ದುಡ್ಡಿದೆ ಎಂದು ತೆಗೆದು ನೋಡಿದರು.

ಖಾತೆ ಒಂಬತ್ತು ಸಾವಿರ. ದುಡ್ಡು ಎರಡು ಕೋಟಿ.

ಮೇಡಂ ಲೋಟ ಕೆಳಗಿಟ್ಟರು. ಠೇವಣಿಯಲ್ಲಿ ಎರಡು ಜಾತಿ. ಅವಧಿ ಠೇವಣಿಗೆ ಬ್ಯಾಂಕು ನೂರಕ್ಕೆ ಏಳು ಕೊಡಬೇಕು, ಉಳಿತಾಯ ಖಾತೆಗೆ ಮೂರು ಸಾಕು. ಉಳಿತಾಯದಲ್ಲಿ ದುಡ್ಡು ಹೆಚ್ಚಿದಷ್ಟೂ ಬ್ಯಾಂಕಿಗೆ ಹಬ್ಬ. ಒಟ್ಟು ಠೇವಣಿ ಒಂಬೈನೂರೇ ಇದ್ದರೂ ಉಳಿತಾಯದ ಪಾಲು ಇನ್ನೂರ ಇಪ್ಪತ್ತೈದರಿಂದ ಮುನ್ನೂರ ಎಪ್ಪತ್ತೈದಕ್ಕೆ ಏರಿತ್ತು. ನೂರೈವತ್ತು ಕೋಟಿ ಏಳರಿಂದ ಮೂರಕ್ಕೆ ಇಳಿದರೆ, ನೂರಕ್ಕೆ ನಾಲ್ಕರಂತೆ ಸರಿಯಾಗಿ ಆರು ಕೋಟಿ ಮಿಗುತ್ತದೆ. ಲೆಕ್ಕ ತಾಳೆಯಾಗುತ್ತಿತ್ತು. ಆದರೆ ಬಿಸಿಲಿನಲ್ಲಿ ಅಲೆದವರು ತಂದದ್ದು ಎರಡೇ ಕೋಟಿ, ಅದರ ಜೊತೆಗೆ ಹಳೆಯ ಖಾತೆಗಳಿಂದ ಅಷ್ಟೇ ದುಡ್ಡು ಹೊರಗೆ ಹೋಗಿತ್ತು. ಹಾಗಾದರೆ ಏಳು ಸಿಗುವ ಜಾಗದಿಂದ ಮೂರು ಸಿಗುವ ಜಾಗಕ್ಕೆ ನೂರೈವತ್ತು ಕೋಟಿಯನ್ನು ಯಾವ ಪುಣ್ಯಾತ್ಮರು ಎತ್ತಿ ಇಟ್ಟರು? ತಲೆ ನೆಟ್ಟಗಿರುವವರು ಯಾರಾದರೂ ಹಾಗೆ ಮಾಡುತ್ತಾರೆಯೇ?

ಮೊದಲ ಮಹಡಿಯ ಕಂಪ್ಯೂಟರ್ ವಿಭಾಗದಲ್ಲಿ ಒಬ್ಬ ಇದ್ದ, ಎಲ್ಲರೂ ಮೌನಿ ಎನ್ನುತ್ತಿದ್ದರು. ದಿನಕ್ಕೆ ಹತ್ತು ಮಾತಿನ ಮೇಲೆ ಆಡಿದರೆ ಸಂಬಳ ಕಡಿತವಾಗುತ್ತದೆ ಎಂಬಂತೆ ಇರುತ್ತಿದ್ದ. ಮೇಡಂ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ವರ್ಷದ ಮೊದಲ ತಿಂಗಳಲ್ಲಿ ಉಳಿತಾಯಕ್ಕೆ ಬಂದ ದೊಡ್ಡ ಮೊತ್ತ ಎಲ್ಲಾ ಎಲ್ಲಿಂದ ಬಂತು, ತೋರ್ಸಿ."

ಮೌನಿ ಕೀಲಿಮಣೆ ಕುಟ್ಟಿದ. ಪರದೆ ತುಂಬ ಸಾಲುಗಳು ಬಂದವು. ಕೊನೆಯ ಕಲಂನಲ್ಲಿ ಎಲ್ಲ ಸಾಲಿಗೂ ಒಂದೇ ಒಕ್ಕಣೆ: ಅವಧಿ ಮುಗಿದಿದೆ, ಸೂಚನೆ ಇಲ್ಲ, ಉಳಿತಾಯಕ್ಕೆ ವರ್ಗ.

"ಎಷ್ಟು ಜನ?"

"ಮೂರು ಸಾವಿರದ ಒಂಬೈನೂರ ಹನ್ನೆರಡು."

"ಯಾರಿಗಾದ್ರೂ ತಿಳಿಸಿದೀವಾ?"

"ಫೋನಿಗೆ ಸಂದೇಶ ಹೋಗಿದೆ. ಅರ್ಧಕ್ಕರ್ಧ ನಂಬರು ಹಳೇವು."

ಏನಾಗಿದೆಯೆಂದು ಮೇಡಂಗೆ ಆ ಕ್ಷಣಕ್ಕೇ ಗೊತ್ತಾಗಿಹೋಗಿತ್ತು.

ಬ್ಯಾಂಕು ತಾನು ಹುಟ್ಟಿದ ತಿಂಗಳಿನಲ್ಲಿ, ಅಂದರೆ ಲೆಕ್ಕದ ವರ್ಷದ ಮೊದಲ ತಿಂಗಳಲ್ಲಿ, ಠೇವಣಿಗೆ ನೂರಕ್ಕೆ ಕಾಲು ರೂಪಾಯಿ ಹೆಚ್ಚು ಬಡ್ಡಿ ಕೊಡುವ ರೂಢಿ ಇಟ್ಟುಕೊಂಡಿತ್ತು. ಹಾಗಾಗಿ ಹೆಚ್ಚಿನ ಠೇವಣಿಗಳು ಅದೇ ತಿಂಗಳು ಹುಟ್ಟಿ, ಅದೇ ತಿಂಗಳು ಅವಧಿ ಮುಗಿಸುತ್ತಿದ್ದವು. ಮುಗಿದವನ್ನು ಏನು ಮಾಡಬೇಕೆಂದು ಹಲವು ಠೇವಣಿದಾರರು ಬರೆದುಕೊಟ್ಟದ್ದೇ ಇಲ್ಲ. ಅದನ್ನೆಲ್ಲ ಠೇವಣಿ ಕೌಂಟರಿನ ಹಳೆಯ ಗುಮಾಸ್ತರೊಬ್ಬರು ನೋಡಿಕೊಳ್ಳುತ್ತಿದ್ದರು. ಡೈರಿ ಮಾಮ ಎಂದೇ ಅವರ ಹೆಸರು. ದಪ್ಪ ಡೈರಿಯೊಂದರಲ್ಲಿ ಯಾರ ಠೇವಣಿ ಯಾವತ್ತು ಮುಗಿಯುತ್ತದೆಂದು ಬರೆದಿಟ್ಟು, ಫೋನು ಮಾಡಿ, ಸಿಗದಿದ್ದರೆ ತಾವೇ ಇನ್ನೊಂದು ವರ್ಷಕ್ಕೆ ಮುಂದುವರಿಸಿ, ಆಮೇಲೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ನಿಯಮಕ್ಕೆ ವಿರುದ್ಧ. ಯಾರೊಬ್ಬರೂ ದೂರು ಕೊಟ್ಟಿರಲಿಲ್ಲ.

ಹೊಸ ತಂತ್ರಾಂಶ ಬಂದದ್ದು, ಡೈರಿ ಮಾಮ ನಿವೃತ್ತರಾದದ್ದು ಒಂದೇ ತಿಂಗಳು. ತಂತ್ರಾಂಶದವರು ಮುನ್ನೂರು ಪ್ರಶ್ನೆಗಳ ಪಟ್ಟಿ ಕೊಟ್ಟು, ಒಂದೊಂದಕ್ಕೂ ಗುರುತು ಹಾಕಿ ಎಂದಿದ್ದರು. ಇನ್ನೂರ ಹದಿನೇಳನೆಯದು: ಗ್ರಾಹಕರು ಸೂಚನೆ ಕೊಡದಿದ್ದರೆ ಅವಧಿ ಮುಗಿದ ಠೇವಣಿಯನ್ನು ಮುಂದುವರಿಸಬೇಕೇ, ಉಳಿತಾಯಕ್ಕೆ ಹಾಕಬೇಕೇ? ಯಾರ ದುಡ್ಡನ್ನೂ ಕೇಳದೆ ಕಟ್ಟಿಹಾಕುವುದು ನ್ಯಾಯವಲ್ಲ ಎಂದುಕೊಂಡು ಒಬ್ಬರು ಉಳಿತಾಯದ ಮುಂದೆ ಗುರುತು ಹಾಕಿದ್ದರು. ಆ ಒಬ್ಬರು ದಶಾಂಶ ಮೇಡಂ. ಅದಕ್ಕಾಗಿ ಅಂದು ಅವರು ಹತ್ತು ಸೆಕೆಂಡು ಯೋಚಿಸಿದ್ದರು. ಬಹಳವೆಂದರೆ ಹದಿನೈದು.

"ಸ್ವಲ್ಪ ಕೆಳಗೆ ಹೋಗಿ," ಎಂದರು. ಮೌನಿ ಪಟ್ಟಿಯನ್ನು ಕೆಳಗೆ ಸರಿಸಿದ. ಎಪ್ಪತ್ತೊಂದು ವಯಸ್ಸು, ಎಂಬತ್ತು, ಅರವತ್ತೆಂಟು, ವಿಧವೆ, ನಿವೃತ್ತ, ನಿವೃತ್ತ. ಆಮೇಲೆ ಒಂದು ಸಾಲಿನ ಮೇಲೆ ಮೇಡಂ ಬೆರಳಿಟ್ಟರು. ಆ ಸಾಲು ಅವರ ದೊಡ್ಡಮ್ಮನದು. ಇಪ್ಪತ್ತು ಲಕ್ಷ. ಹೋದ ಹನ್ನೆರಡು ತಿಂಗಳಿಂದ ನೂರಕ್ಕೆ ಮೂರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ಕಟ್ಟಿದವರು ತಾವೇ. ಮೇಡಂ ಮೆಟ್ಟಿಲು ಹತ್ತಿ ಸೀದಾ ದೊಡ್ಡ ಸಾಹೇಬರ ಕೋಣೆಗೆ ಹೋದರು. ಬಾಗಿಲು ತಟ್ಟುವುದನ್ನೂ ಮರೆತರು.

ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಂಗೆ ಗೊತ್ತಿತ್ತಲ್ಲ," ಎಂದರು.

ಮೇಡಂಗೆ ತಾವು ಕೇಳಿಸಿಕೊಂಡದ್ದೇ ತಪ್ಪೇನೋ ಎನ್ನಿಸಿತು.

"ಆರು ತಿಂಗಳ ಹಿಂದೇನೇ ನೋಡ್ದೆ. ನೀವು ಬೇಕೂಂತಲೇ ಮಾಡಿದೀರಿ ಅಂದ್ಕೊಂಡು ಮನಸ್ಸಲ್ಲೇ ಮೆಚ್ಕೊಂಡೆ. ನಿಯಮ ಎಲ್ಲಾದ್ರೂ ಮುರಿದಿದೀವಾ ಹೇಳಿ? ಅವಧಿ ಮುಗಿದ ಠೇವಣಿಗೆ ಉಳಿತಾಯದ ಬಡ್ಡಿ, ಅದು ಅರ್ಜಿ ಹಿಂಭಾಗದಲ್ಲೇ ಅಚ್ಚಾಗಿದೆ. ಸಂದೇಶಾನೂ ಕಳಿಸಿದೀವಿ. ಅವರ ದುಡ್ಡು, ಅವರು ಬಂದು ನೋಡ್ಕೋಬೇಕು."

"ಸರ್, ಲಾಭದಲ್ಲಿ ಅರ್ಧ ಇದೇ. ನಾವು ದುಡಿದದ್ದಲ್ಲ. ಅವರು ಮರೆತದ್ದು."

"ಎಲ್ಲಾ ಬ್ಯಾಂಕೂ ಸ್ವಲ್ಪ ಮಟ್ಟಿಗೆ ಜನರ ಮರೆವಿನ ಮೇಲೇ ನಡೆಯೋದು ಮೇಡಂ. ನೀವು ಸೋಮವಾರ ಆಂದೋಲನ ಅಂತ ಓದಿ. ಹೇಳಲೇಬೇಕು ಅಂತಿದ್ರೆ, ಗುರುತು ಯಾರು ಹಾಕಿದ್ದು ಅಂತಾನೂ ಹೇಳ್ಬೇಕಾಗತ್ತೆ. ನಾನಲ್ಲ ಹಾಕಿದ್ದು."

ಇಷ್ಟು ಹೇಳಿ ಅವರು ಫೋನೆತ್ತಿಕೊಂಡರು. ಮಾತು ಮುಗಿಯಿತು ಎಂಬುದಕ್ಕೆ ಅವರ ಕೋಣೆಯಲ್ಲಿ ಅದೇ ಗುರುತು.

ಸಂಜೆ ಆರಕ್ಕೆ ಮೇಡಂ ದೊಡ್ಡಮ್ಮನ ಮನೆಯಲ್ಲಿದ್ದರು. ಎರಡನೇ ಮಹಡಿ, ಎರಡು ಕೋಣೆ, ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ತಾಯಿ ತೀರಿಕೊಂಡ ಮೇಲೆ ಮೇಡಂ ಎಂಟನೇ ವಯಸ್ಸಿನಿಂದ ಬೆಳೆದದ್ದು ಇದೇ ದೊಡ್ಡಮ್ಮನ ಕೈಯಲ್ಲಿ. ದೊಡ್ಡಮ್ಮ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದು, ಕೊನೆಗೆ ಹೆಡ್ ನರ್ಸಾಗಿ ನಿವೃತ್ತರಾದವರು. ಅಂಗಡಿಯವನು ಹೆಚ್ಚಿಗೆ ಚಿಲ್ಲರೆ ಕೊಟ್ಟನೆಂದು ಒಂಬತ್ತು ವರ್ಷದ ಕೂಸಿನ ಕೈ ಹಿಡಿದುಕೊಂಡು ಮಳೆಯಲ್ಲಿ ವಾಪಸು ಹೋದ ಹೆಂಗಸು. ಅವರ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ.

"ದೊಡ್ಡಮ್ಮಾ, ನಿನ್ನ ಠೇವಣಿ ಮುಗಿದು ವರ್ಷ ಆಯ್ತು. ನಿಂಗೆ ಗೊತ್ತಿತ್ತಾ?"

"ಗೊತ್ತಿರದೇ ಏನು. ಫೋನಿಗೆ ಏನೋ ಬಂತು. ಕೌಂಟರಲ್ಲಿ ಆ ಹುಡುಗೀನೂ ಕೇಳಿದ್ಲು, ಅಜ್ಜಿ, ಮುಂದುವರಿಸೋಕೆ ಬರೆದುಕೊಡ್ತೀರಾ ಅಂತ. ನನ್ನ ಮಗಳು ಹೆಡ್ ಆಫೀಸಲ್ಲಿದಾಳೆ, ಎಲ್ಲಾ ಅವಳೇ ನೋಡ್ಕೋತಾಳೆ, ನೀನು ನಿನ್ನ ಕೆಲಸ ನೋಡಮ್ಮ ಅಂದೆ."

ಮೇಡಂ ಎಲ್ಲವನ್ನೂ ಹೇಳಿದರು: ಗುರುತು, ಪಟ್ಟಿ, ಎಂಬತ್ತು ಸಾವಿರ ಬಡ್ಡಿ ಕಡಿಮೆ ಬಂದದ್ದು, ಸಾಹೇಬರ ಮಾತು, ಹುದ್ದೆ. ಹೇಳುತ್ತ ಹೇಳುತ್ತ ಹಗುರಾಗುತ್ತಿದ್ದರು. ಇನ್ನೇನು ದೊಡ್ಡಮ್ಮ ಬೈಯುತ್ತಾರೆ, ಬೈದು, ಹೋಗು, ಸೋಮವಾರ ನಿಜ ಹೇಳು ಎನ್ನುತ್ತಾರೆ. ಅದನ್ನು ಕೇಳುವುದಕ್ಕೆಂದೇ ಅವರು ಎರಡು ಬಸ್ಸು ಹತ್ತಿ ಬಂದದ್ದು.

ದೊಡ್ಡಮ್ಮ ಸೀರೆಯ ಅಂಚನ್ನು ನೀವಿಕೊಂಡರು.

"ನಂದೊಂದನ್ನ ಸರಿ ಮಾಡ್ಬಿಡು," ಎಂದರು. "ಉಳಿದವರ ವಿಷಯ ಬಿಡು."

"ಏನಂದೆ?"

"ಊರ ಉಸಾಬರಿ ನಿಂಗ್ಯಾಕೆ? ಅವರವರ ಮಕ್ಕಳಿದಾರೆ, ನೋಡ್ಕೋತಾರೆ. ಅಷ್ಟು ದೊಡ್ಡ ಹುದ್ದೆ ಕೈಗೆ ಬರೋ ಹೊತ್ತಲ್ಲಿ ನೀನೇ ಹೋಗಿ ತಲೆ ಕೊಡ್ತೀಯಾ? ನಿನ್ನ ತಲೆ ಉರುಳಿದ್ರೆ ನಿನ್ನ ಸಾಹೇಬ ಹೊರೋದಿಲ್ಲ."

ಬೆಳಿಗ್ಗೆಯಿಂದ ಪೆಟ್ಟಿನ ಮೇಲೆ ಪೆಟ್ಟು ತಿಂದಿದ್ದ ಮೇಡಂಗೆ ಇದರಷ್ಟು ಯಾವುದೂ ತಾಗಿರಲಿಲ್ಲ. ತಮ್ಮನ್ನು ಮಳೆಯಲ್ಲಿ ನಡೆಸಿಕೊಂಡು ಹೋದ ಹೆಂಗಸು ಇವಳೇ ಏನು ಎಂದು ಮುಖವನ್ನೇ ನೋಡಿದರು. ಅಲ್ಲಿ ಕಂಡದ್ದು ಬರೀ ಭಯ, ಮಗಳ ಅನ್ನಕ್ಕೆ ಕಲ್ಲು ಬೀಳುತ್ತದೆಂಬ ಮುದುಕಿಯ ಭಯ. ಸಿಟ್ಟೂ ಬಂತು, ಅಳುವೂ ಬಂತು. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು. ಇನ್ನು ಯಾರನ್ನೂ ಕೇಳುವಂತಿರಲಿಲ್ಲ.

ಸೋಮವಾರದ ಮಂಡಳಿ ಸಭೆಯಲ್ಲಿ ಉದ್ದನೆಯ ಮೇಜು, ಒಂಬತ್ತು ಜನ ನಿರ್ದೇಶಕರು, ಎಲ್ಲರ ಮುಂದೂ ನೀರಿನ ಲೋಟ. ದೊಡ್ಡ ಸಾಹೇಬರು ಪೀಠಿಕೆ ಹಾಕಿ, ಮೇಡಂ ಕಡೆ ಕೈ ತೋರಿದರು. ಮೇಡಂ ಎದ್ದು ನಿಂತರು.

"ಬಡ್ಡಿ ಅಂತರ ನಾಲ್ಕು ಪಾಯಿಂಟ್ ಎರಡು ಅಂತ ಕಾಗದದಲ್ಲಿದೆ. ನಿಜವಾದದ್ದು ಮೂರು ಪಾಯಿಂಟ್ ಆರೇ. ನಡುವಿನ ಆರು ಕೋಟಿ ಎಲ್ಲಿಂದ ಬಂತು ಅಂತ ಹೇಳ್ತೀನಿ. ಅದಕ್ಕೆ ಕಾರಣವಾದ ಗುರುತು ಹಾಕಿದ್ದು ನಾನು."

ಹತ್ತು ನಿಮಿಷ ಹೇಳಿದರು. ಪಟ್ಟಿಯಲ್ಲಿ ತಮ್ಮ ದೊಡ್ಡಮ್ಮ ಇರುವುದನ್ನೂ ಬಿಡಲಿಲ್ಲ. ದೊಡ್ಡ ಸಾಹೇಬರ ಕಿವಿ ಕೆಂಪಾಗಿತ್ತು.

"ನಿಯಮ ಮುರಿದಿಲ್ಲ ಅನ್ನೋದನ್ನ ಮಂಡಳಿ ಗಮನಿಸಬೇಕು," ಎಂದರು ಸಾಹೇಬರು.

ಮೇಜಿನ ಕೊನೆಯಲ್ಲಿ ಮರದ ವ್ಯಾಪಾರಿಯೊಬ್ಬರು ಕೂತಿದ್ದರು. ಸಭೆಗಳಲ್ಲಿ ತೂಕಡಿಸುವುದಕ್ಕೆ ಹೆಸರಾದ ನಿರ್ದೇಶಕರು. ಇವತ್ತು ಕಣ್ಣು ಬಿಟ್ಟಿದ್ದರು.

"ನಿಯಮ ಅತ್ಲಾಗಿರಲಿ," ಎಂದರು. "ಜನರ ದುಡ್ಡು ಯಾವಾಗ ಬೇಕಾದ್ರೂ ವಾಪಸು ಕೇಳೋ ಅಂಥದ್ದು. ನಾವು ಸಾಲ ಕೊಟ್ಟಿರೋದು ಹತ್ತು, ಹದಿನೈದು ವರ್ಷಕ್ಕೆ. ಈ ನಾಲ್ಕು ಸಾವಿರ ಜನಕ್ಕೆ ಬೇರೆಯವರ ಬಾಯಿಂದ ವಿಷಯ ಗೊತ್ತಾಗಿ, ಒಟ್ಟಿಗೆ ಬಾಗಿಲಿಗೆ ಬಂದ್ರೆ ಎಲ್ಲಿಂದ ಕೊಡ್ತೀರಿ? ಆಗ ನಾಲ್ಕು ಪಾಯಿಂಟ್ ಎರಡನ್ನ ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕ್ತೀರಾ?"

ಇದಾದ ಮೇಲೆ ಚರ್ಚೆ ಬೇಗ ಮುಗಿಯಿತು. ಮೇಡಂ ಹೇಳಿದ್ದು ನ್ಯಾಯ ಎಂದು ಒಬ್ಬರಿಗೂ ಅನ್ನಿಸಿತೋ ಇಲ್ಲವೋ, ಬಾಗಿಲಿಗೆ ಬರುವ ನಾಲ್ಕು ಸಾವಿರ ಜನ ಮಾತ್ರ ಎಲ್ಲರ ಕಣ್ಣಿಗೂ ಕಟ್ಟಿದರು. ಆರು ಕೋಟಿಯನ್ನೂ ಈ ವರ್ಷದ ಲೆಕ್ಕದಲ್ಲೇ ಠೇವಣಿದಾರರಿಗೆ ಕೊಡುವುದು, ಮಧ್ಯೆ ದುಡ್ಡು ತೆಗೆದುಕೊಂಡವರಿಗೆ ತೆಗೆದುಕೊಂಡ ದಿನದವರೆಗೆ ಕೊಡುವುದು, ಪ್ರತಿಯೊಬ್ಬರಿಗೂ ಅಂಚೆಯಲ್ಲಿ ಪತ್ರ ಕಳಿಸುವುದು ಎಂದು ತೀರ್ಮಾನವಾಯಿತು. ಪತ್ರದಲ್ಲಿ 'ನಮ್ಮ ಅಧಿಕಾರಿಯೊಬ್ಬರ ತಪ್ಪಿನಿಂದ' ಎಂಬ ಸಾಲು ಇರಬೇಕೆಂದೂ, ಆ ಅಧಿಕಾರಿಯೇ ಸಹಿ ಮಾಡಿ ತಮ್ಮ ಫೋನ್ ನಂಬರು ಕೊಡಬೇಕೆಂದೂ ದೊಡ್ಡ ಸಾಹೇಬರು ಸೂಚಿಸಿದರು. ಅವರು ಆ ಸಭೆಯಲ್ಲಿ ಗೆದ್ದದ್ದು ಅದೊಂದನ್ನೇ. ಹುದ್ದೆಯ ಮಾತನ್ನು ಯಾರೂ ಎತ್ತಲಿಲ್ಲ.

ಮೂರು ಸಾವಿರದ ಒಂಬೈನೂರ ಹನ್ನೆರಡು ಸಹಿಗೆ ನಾಲ್ಕು ದಿನ ಹಿಡಿಯಿತು. ಮುದ್ರೆ ಒತ್ತಿಬಿಡಿ ಮೇಡಂ ಎಂದರು ಗುಮಾಸ್ತರು. ಅವರು ಒತ್ತಲಿಲ್ಲ. ಕೊನೆಯ ದಿನ ಹೆಬ್ಬೆರಳು ಮಡಚುವುದಕ್ಕೆ ಬರುತ್ತಿರಲಿಲ್ಲ, ಆದರೂ ವಾರದಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡರು. ಮಾಡಿದ್ದನ್ನು ಸರಿಮಾಡಿದೆ ಎಂಬ ಸಮಾಧಾನ ಅವರಿಗೆ ನಿಜಕ್ಕೂ ಬಂದಿತ್ತು. ನೂರಕ್ಕೆ ನಾಲ್ಕು ಕಡಿಮೆ ಕೊಟ್ಟಿದ್ದೆವು, ನೂರಕ್ಕೆ ನಾಲ್ಕು ಕೊಟ್ಟೆವು, ತಾಳೆಯಾಯಿತು.

ಮೊದಲ ಫೋನು ಮುಂದಿನ ವಾರ, ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಂತು. ವಯಸ್ಸಾದ ಗಂಡಸಿನ ದನಿ. ಪತ್ರ ಹಿಡಿದುಕೊಂಡೇ ಮಾತಾಡುತ್ತಿದ್ದರೆಂದು ಕಾಣುತ್ತದೆ, ಕಾಗದದ ಸರಬರ ಕೇಳುತ್ತಿತ್ತು.

"ಮೂವತ್ಮೂರು ಸಾವಿರದ ಮುನ್ನೂರು ಚಿಲ್ಲರೆ ಅಂತ ಬರ್ದಿದೀರಿ. ಸರೀನಾ ಅಮ್ಮ ಅದು?"

ಮೇಡಂ ಹೆಸರು ಕೇಳಿ ಪಟ್ಟಿ ನೋಡಿದರು. ಹತ್ತು ಲಕ್ಷ, ಹತ್ತು ತಿಂಗಳು. "ಸರಿ ಇದೆ. ನಮ್ಮದೇ ತಪ್ಪು, ಕ್ಷಮಿಸಬೇಕು."

"ತಪ್ಪು ಎಲ್ಲರಿಂದಲೂ ಆಗತ್ತೆ. ಅದಕ್ಕಲ್ಲ ಫೋನ್ ಮಾಡಿದ್ದು. ಈ ಠೇವಣಿ ನನ್ನ ಹೆಂಡತಿ ಹೆಸರಲ್ಲಿತ್ತು. ಅವಳು ಆಸ್ಪತ್ರೇಲಿ ಇದ್ದಾಗ ಅಷ್ಟನ್ನೂ ತೆಗೆದೆ. ಆಸ್ಪತ್ರೆಯವರು ಇನ್ನೂ ಎರಡು ದಿನ ಒಳಗಿರ್ಲಿ ಅಂದ್ರು, ಮೂವತ್ತು ಸಾವಿರ ಕಟ್ಟಿ ಅಂದ್ರು. ಕೌಂಟರಲ್ಲಿ ಕೇಳಿದ್ರೆ, ಖಾತೇಲಿ ಇನ್ನೇನೂ ಇಲ್ಲ ಅಂದ್ರು. ಮನೆಗೆ ಕರ್ಕೊಂಡು ಬಂದೆ."

ಮೇಡಂ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಸುತ್ತ ಗುಮಾಸ್ತರು ಮಾತಾಡುತ್ತಿದ್ದರು, ಯಾರೋ ಕುರ್ಚಿ ಎಳೆದರು. ಒಂದೂ ಅವರ ಕಿವಿಗೆ ಬೀಳಲಿಲ್ಲ.

"ಮರುದಿನ ಹೋದ್ಲು," ಎಂದಿತು ದನಿ. ಅದರಲ್ಲಿ ಸಿಟ್ಟಿರಲಿಲ್ಲ. "ಆಸ್ಪತ್ರೇಲೇ ಇದ್ದಿದ್ರೂ ಉಳೀತಿರಲಿಲ್ವೋ ಏನೋ, ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ನಾನು ಕೇಳ್ಬೇಕಾಗಿದ್ದು ಇಷ್ಟೇ ಅಮ್ಮ. ಪತ್ರ ಅವಳ ಹೆಸರಿಗೆ ಬಂದಿದೆ, ಅವಳ ಖಾತೆ ಮುಚ್ಚಿ ಆಯ್ತು. ಈ ದುಡ್ಡನ್ನ ಯಾರ ಹೆಸರಿಗೆ ಹಾಕ್ತೀರಿ?"

ಅದಕ್ಕೆ ನಿಯಮವಿತ್ತು. ಮರಣ ಪತ್ರ, ನಾಮಿನಿಯ ಗುರುತಿನ ಚೀಟಿ, ಎರಡು ಸಹಿ, ಏಳು ದಿನ. ಹನ್ನೆರಡು ವರ್ಷದಿಂದ ಮೇಡಂಗೆ ಬಾಯಿಪಾಠವಾಗಿದ್ದ ನಿಯಮ. ಹೇಳಬೇಕೆಂದು ಬಾಯಿ ತೆರೆದರು.

"ಹಲೋ," ಎಂದರು ಆ ಕಡೆಯವರು. "ಹಲೋ, ಅಮ್ಮ, ಇದೀರಾ?"